ವಿಭಾಗ ಮುಖ್ಯಸ್ಥರ ಹೊಣೆ ಬಿಟ್ಟು, ವೈದ್ಯೆಯಾಗಿ ಮುಂದುವರಿಯುವ ಪತ್ರ: ಆಡಳಿತ ಮಂಡಳಿಗೆ ಹೇಗೆ ಬರೆಯಬೇಕು?

ಓಟಿ ಮೂರು

ಎಲ್ಲರಿಗೂ ನಮಸ್ಕಾರ. ನಾನು ಒಂದು ಟ್ರಸ್ಟ್ ನಡೆಸುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಪ್ರಾಧ್ಯಾಪಕಿ. 2019ರಿಂದ ಅದೇ ವಿಭಾಗದ ಎಚ್‌ಒಡಿ ಕೂಡ ಆಗಿದ್ದೇನೆ. ಡ್ಯೂಟಿ ಪಟ್ಟಿ, ಇಂಡೆಂಟು, ಸಮಿತಿ ಸಭೆ, ತಪಾಸಣೆಯ ಕಡತ ಇವುಗಳ ನಡುವೆ ನಾನು ಒಟಿಯಲ್ಲಿ ನಿಲ್ಲುವ ದಿನಗಳು ವಾರಕ್ಕೆ ಎರಡಕ್ಕೆ ಇಳಿದಿವೆ, ನೋವು ಚಿಕಿತ್ಸಾ ಕ್ಲಿನಿಕ್ಕನ್ನು ಕಿರಿಯರಿಗೆ ಒಪ್ಪಿಸಿ ವರ್ಷವಾಯಿತು. ಆದ್ದರಿಂದ ಎಚ್‌ಒಡಿ ಹೊಣೆಯನ್ನು ಬಿಟ್ಟು, ಪ್ರಾಧ್ಯಾಪಕಿಯಾಗಿ ಚಿಕಿತ್ಸೆ ಮತ್ತು ಬೋಧನೆಯಲ್ಲಿ ಮುಂದುವರಿಯಲು ನಿರ್ಧರಿಸಿದ್ದೇನೆ. ಪತ್ರದ ಮುಖ್ಯ ವಾಕ್ಯವನ್ನು ಹೀಗೆ ಬರೆದಿದ್ದೇನೆ:

"ವೈಯಕ್ತಿಕ ಕಾರಣಗಳಿಂದ ನಾನು ಅರಿವಳಿಕೆ ವಿಭಾಗದ ಪ್ರಾಧ್ಯಾಪಕರು ಮತ್ತು ವಿಭಾಗ ಮುಖ್ಯಸ್ಥರ ಸ್ಥಾನಕ್ಕೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದು, ನನ್ನನ್ನು ಸದರಿ ಕರ್ತವ್ಯದಿಂದ ಬಿಡುಗಡೆಗೊಳಿಸಿ, ವೈದ್ಯಕೀಯ ಸೇವೆಯಲ್ಲಿ ಮುಂದುವರಿಸಬೇಕೆಂದು ಕೋರುತ್ತೇನೆ."

ಇಷ್ಟು ಸಾಕೇ? ಎರಡು ಹುದ್ದೆಗಳು ಬಹುಕಾಲದಿಂದ ಖಾಲಿ ಇರುವುದನ್ನು, ಅದರ ಬಗ್ಗೆ ನಾನು ಮೂರು ಬಾರಿ ಬರೆದಿರುವುದನ್ನು ಇದರಲ್ಲಿ ಸೇರಿಸಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ.

ಕೋರಮಂಗಲ ಎಚ್‌ಆರ್

ಮೇಡಂ, ರಾಜೀನಾಮೆ ಕೊಡುವ ಮೊದಲು ನಿಮ್ಮ ನೇಮಕಾತಿ ಆದೇಶದಲ್ಲಿರುವ ನೋಟಿಸ್ ಅವಧಿಯನ್ನು ನೋಡಿಕೊಳ್ಳಿ. ಅದು ಮೂರು ತಿಂಗಳಿದ್ದರೆ ಅಷ್ಟು ದಿನ ಕೆಲಸ ಮಾಡಬೇಕು, ಇಲ್ಲವೇ ಅಷ್ಟು ಸಂಬಳ ಕಟ್ಟಬೇಕು. ಗ್ರಂಥಾಲಯ, ಲೆಕ್ಕಪತ್ರ, ಹಾಸ್ಟೆಲ್ ಎಲ್ಲ ಕಡೆಯಿಂದ ಬಾಕಿ ಇಲ್ಲವೆಂಬ ಪತ್ರ ಪಡೆದು, ಅನುಭವ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಹೊರಡಿ. ಇಲ್ಲದಿದ್ದರೆ ಮುಂದಿನ ಕಾಲೇಜಿಗೆ ಸೇರುವಾಗ ತೊಂದರೆಯಾಗುತ್ತದೆ.

ಓಟಿ ಮೂರು

ಸರ್, ನಾನು ಸಂಸ್ಥೆಯನ್ನು ಬಿಡುತ್ತಿಲ್ಲ. ಎಚ್‌ಒಡಿ ಹೊಣೆಯನ್ನು ಮಾತ್ರ ಬಿಡುತ್ತಿದ್ದೇನೆ.

ಹಳೇ ಅಧೀಕ್ಷಕ

ಮೇಲಿನ ಗೆಳೆಯರು ತಪ್ಪಾಗಿ ಓದಿಕೊಂಡರೆಂದು ಬೇಸರ ಮಾಡಿಕೊಳ್ಳಬೇಡಿ, ಡಾಕ್ಟರೇ. ಅವರು ಓದಿದ ಹಾಗೆಯೇ ನಿಮ್ಮ ಟ್ರಸ್ಟಿನ ಕಚೇರಿಯವರೂ ಓದಬಹುದು, ಏಕೆಂದರೆ ನೀವು ಬರೆದ ವಾಕ್ಯವೇ ಅದಕ್ಕೆ ಎಡೆಮಾಡಿಕೊಡುತ್ತದೆ. ನಾನು ಹನ್ನೊಂದು ವರ್ಷ ವೈದ್ಯಕೀಯ ಅಧೀಕ್ಷಕನಾಗಿದ್ದು ಇಂತಹ ಪತ್ರಗಳನ್ನು ಮೇಜಿನ ಈಚೆ ಕುಳಿತು ಓದಿದವನು. ನಿಮ್ಮ ಒಂದೇ ವಾಕ್ಯದಲ್ಲಿ ಮೂರು ಅಪಾಯಗಳಿವೆ.

ಮೊದಲನೆಯದು, "ಪ್ರಾಧ್ಯಾಪಕರು ಮತ್ತು ವಿಭಾಗ ಮುಖ್ಯಸ್ಥರ ಸ್ಥಾನ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಪ್ರಾಧ್ಯಾಪಕ ಎಂಬುದು ನಿಮ್ಮ ಹುದ್ದೆ, ಎಚ್‌ಒಡಿ ಎಂಬುದು ಆ ಹುದ್ದೆಯಲ್ಲಿರುವವರಿಗೆ ವಹಿಸಿದ ಹೊಣೆ. ಸಹಿಯ ಕೆಳಗೆ ಇಷ್ಟು ವರ್ಷ ಎರಡನ್ನೂ ಸೇರಿಸಿ ಮೊಹರು ಹಾಕಿದ ಅಭ್ಯಾಸದಿಂದ ಕೈ ತಾನಾಗಿಯೇ ಹಾಗೆ ಬರೆಯುತ್ತದೆ. ಎರಡನೆಯದು, "ಕರ್ತವ್ಯದಿಂದ ಬಿಡುಗಡೆ" ಎಂಬ ಮಾತು. ಕಚೇರಿಯ ಭಾಷೆಯಲ್ಲಿ ಅದರ ಅರ್ಥ ಹಾಜರಿ ಪುಸ್ತಕದಿಂದ ಹೆಸರು ತೆಗೆಯುವುದು. ಮೂರನೆಯದು, "ಈ ಮೂಲಕ" ಎಂದಿರುವಿರೇ ಹೊರತು ದಿನಾಂಕ ಕೊಟ್ಟಿಲ್ಲ. ಆಡಳಿತ ಮಂಡಳಿ ನಾಳೆಯೇ "ಅಂಗೀಕರಿಸಲಾಗಿದೆ" ಎಂದು ಬರೆದರೆ, ನಾಳೆ ರಾತ್ರಿ ಮಾದಕ ಔಷಧಗಳ ಬೀರುವಿನ ಕೀಲಿಕೈ ಯಾರ ಬಳಿ ಇರಬೇಕು?

ರಾಜೀನಾಮೆ ಎಂಬ ಪದವನ್ನೇ ಬಿಡಿ. "ವಿಭಾಗ ಮುಖ್ಯಸ್ಥರ ಹೆಚ್ಚುವರಿ ಹೊಣೆಯಿಂದ ಮಾತ್ರ ಮುಕ್ತಗೊಳಿಸಲು ಕೋರಿಕೆ" ಎಂದು ವಿಷಯದ ಸಾಲಿನಲ್ಲೇ ಬರೆಯಿರಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ: ನಿಮ್ಮ ಆದೇಶಗಳನ್ನು ಹೊರತೆಗೆದು, ಎಚ್‌ಒಡಿ ಹೊಣೆ ಬೇರೆ ಆದೇಶದಲ್ಲಿ ಬಂದಿದೆಯೇ, ಇಲ್ಲವೇ ಬಡ್ತಿಯ ಆದೇಶದಲ್ಲೇ ಸೇರಿದೆಯೇ ನೋಡಿ ಹೇಳಿ.

ಸೇವಾ ನಿಯಮ

ಇಷ್ಟೆಲ್ಲ ಕೋರಿಕೆಯ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ವಿಭಾಗದ ಅಧ್ಯಕ್ಷ ಸ್ಥಾನ ಎರಡು ವರ್ಷಕ್ಕೊಮ್ಮೆ ಸರದಿಯ ಮೇಲೆ ಬದಲಾಗುತ್ತದೆ. ನೀವು 2019ರಿಂದ ಇದ್ದೀರಿ ಎಂದರೆ ನಿಮ್ಮ ಅವಧಿ ಎಂದೋ ಮುಗಿದಿದೆ. ಅವಧಿ ಮುಗಿದಿದೆ ಎಂದು ತಿಳಿಸಿ, ಸರದಿಯಲ್ಲಿರುವವರಿಗೆ ಕೊಟ್ಟುಬಿಡಿ.

ಹಳೇ ಅಧೀಕ್ಷಕ

ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪಡೆದ ಖಾಸಗಿ ಕಾಲೇಜಿನಲ್ಲಿ ಎಚ್‌ಒಡಿಯನ್ನು ನೇಮಿಸುವುದು ಆ ಕಾಲೇಜಿನ ಆಡಳಿತ. ಅಲ್ಲಿ ಸರದಿ ತಾನಾಗಿ ಉರುಳುವುದಿಲ್ಲ. ದೆಹಲಿಯ ಏಮ್ಸ್‌ನಲ್ಲೇ ಸರದಿಯ ಮುಖ್ಯಸ್ಥಿಕೆ ಬೇಕೆಂದು ಅಧ್ಯಾಪಕರು ವರ್ಷಗಟ್ಟಲೆ ಒತ್ತಾಯಿಸಬೇಕಾಯಿತು ಎಂಬುದನ್ನು ನೆನಪಿಸಿಕೊಳ್ಳಿ. "ನನ್ನ ಅವಧಿ ಮುಗಿದಿದೆ" ಎಂದು ಇವರು ಬರೆದರೆ, ಯಾವ ನಿಯಮದಂತೆ ಎಂದು ತಿರುಗಿ ಪ್ರಶ್ನೆ ಬರುತ್ತದೆ.

ಜಿಲ್ಲಾಸ್ಪತ್ರೆ ಸರ್ಜನ್

ನನ್ನದೇ ಒಂದು ಕಥೆ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಕನಾಗಿದ್ದ ನನಗೆ ಆಡಳಿತ ವೈದ್ಯಾಧಿಕಾರಿಯ ಪ್ರಭಾರವನ್ನೂ ಕೊಟ್ಟಿದ್ದರು. ಒಂದು ದಿನ, ಲಿಫ್ಟಿನ ದುರಸ್ತಿ ಬಿಲ್ಲಿಗೆ ಸಹಿ ಹಾಕಲು ನನ್ನನ್ನು ಹರ್ನಿಯಾ ಶಸ್ತ್ರಚಿಕಿತ್ಸೆಯ ನಡುವೆ ಎರಡು ಬಾರಿ ಕರೆದರೆಂಬ ಸಿಟ್ಟಿಗೆ, ಸಂಜೆಯೇ "ಆಡಳಿತಾಧಿಕಾರಿ ಹುದ್ದೆಗೆ ರಾಜೀನಾಮೆ" ಎಂದು ನಾಲ್ಕು ಸಾಲು ಬರೆದು ಟಪಾಲಿಗೆ ಕೊಟ್ಟೆ. ಮೇಲಿನ ಕಚೇರಿಯ ಗುಮಾಸ್ತರು ಅದನ್ನು ಸೇವೆಗೆ ಕೊಟ್ಟ ರಾಜೀನಾಮೆ ಎಂದು ಭಾವಿಸಿ, ನನ್ನ ಮೇಲೆ ವಿಚಾರಣೆ ಬಾಕಿ ಇದೆಯೇ, ಸಾಲ ಬಾಕಿ ಇದೆಯೇ ಎಂದು ಕಡತ ನಡೆಸಿಬಿಟ್ಟರು. ಸರ್ಕಾರಿ ಸೇವೆಯಲ್ಲಿ ರಾಜೀನಾಮೆ ಅಂಗೀಕಾರವಾದರೆ ಹಿಂದಿನ ಸೇವೆಯೂ ಪಿಂಚಣಿಗೆ ಲೆಕ್ಕಕ್ಕೆ ಬಾರದೆ ಹೋಗುವ ಅಪಾಯವಿರುತ್ತದೆ. ಸ್ಪಷ್ಟೀಕರಣ ಬರೆದು, ಖುದ್ದಾಗಿ ಹೋಗಿ, ಆ ಕಡತವನ್ನು ಮುಚ್ಚಿಸುವ ಹೊತ್ತಿಗೆ ಎರಡು ತಿಂಗಳಾಯಿತು. ಪ್ರಭಾರ ಮಾತ್ರ ನನ್ನ ತಲೆಯ ಮೇಲೆ ಹಾಗೆಯೇ ಉಳಿಯಿತು!

ಸೇವಾ ನಿಯಮ

ಅಂಗೀಕಾರಕ್ಕೆ ಮೊದಲು ಹಿಂಪಡೆಯಬಹುದಿತ್ತಲ್ಲವೇ? ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರೊಬ್ಬರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಬರೆದು, ಜುಲೈನಲ್ಲಿ ಅದನ್ನು ಹಿಂಪಡೆದರು. ಮುಂದಿನ ದಿನಾಂಕದ ರಾಜೀನಾಮೆಯನ್ನು ಆ ದಿನ ಬರುವವರೆಗೆ ಹಿಂಪಡೆಯಬಹುದೆಂದು ಸುಪ್ರೀಂ ಕೋರ್ಟ್ 1978ರಲ್ಲಿ ಗೋಪಾಲಚಂದ್ರ ಮಿಶ್ರ ಪ್ರಕರಣದಲ್ಲಿ ಹೇಳಿತು.

ಹಳೇ ಅಧೀಕ್ಷಕ

ಈ ಬಾರಿ ನಿಮ್ಮ ಮಾತು ಉಪಯೋಗಕ್ಕೆ ಬರುತ್ತದೆ. ಅದು ಸಂವಿಧಾನದ ಅಡಿಯ ನ್ಯಾಯಾಧೀಶರ ಪ್ರಕರಣ. ಖಾಸಗಿ ಟ್ರಸ್ಟಿನಲ್ಲಿ ನೇಮಕಾತಿಯ ಷರತ್ತುಗಳೇ ಮುಖ್ಯವಾಗುತ್ತವೆ. ಆದರೂ ಮುಂದಿನ ದಿನಾಂಕ ಕೊಟ್ಟು ಬರೆಯುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಓಟಿ ಮೂರು

ಆದೇಶಗಳನ್ನು ಹುಡುಕಿದೆ. 2014ರಲ್ಲಿ ಸಹ ಪ್ರಾಧ್ಯಾಪಕಿಯಾಗಿ ನೇಮಕ, 2018ರಲ್ಲಿ ಪ್ರಾಧ್ಯಾಪಕಿಯಾಗಿ ಬಡ್ತಿ, 2019ರಲ್ಲಿ ಬೇರೆಯದೇ ಕಚೇರಿ ಆದೇಶದಲ್ಲಿ "ಮುಂದಿನ ಆದೇಶದವರೆಗೆ ವಿಭಾಗ ಮುಖ್ಯಸ್ಥರ ಹೊಣೆಯನ್ನು ಮಾಸಿಕ ಭತ್ಯೆಯೊಂದಿಗೆ ವಹಿಸಿದೆ" ಎಂದಿದೆ.

ಹಳೇ ಅಧೀಕ್ಷಕ

ಹಾಗಿದ್ದರೆ ನಿಮ್ಮ ದಾರಿ ಸುಲಭ. ಒಂದೇ ಆದೇಶದಲ್ಲಿ "ಪ್ರಾಧ್ಯಾಪಕರು ಹಾಗೂ ಮುಖ್ಯಸ್ಥರು" ಎಂದು ನೇಮಿಸಿ, ಸಂಬಳವನ್ನೂ ಒಟ್ಟಿಗೆ ನಿಗದಿ ಮಾಡಿದ್ದರೆ, ಅದರ ಅರ್ಧವನ್ನು ಮಾತ್ರ ಬಿಡುತ್ತೇನೆಂದು ನೀವೊಬ್ಬರೇ ಹೇಳಲಾಗುತ್ತಿರಲಿಲ್ಲ. ಮೊದಲು ಪರಿಷ್ಕೃತ ಆದೇಶ ಕೇಳಬೇಕಾಗುತ್ತಿತ್ತು. ಈಗ 2019ರ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು "ಉಲ್ಲೇಖ" ಸಾಲಿನಲ್ಲಿ ಮೊದಲನೆಯದಾಗಿ ಬರೆದು, ಆ ಆದೇಶದಲ್ಲಿ ವಹಿಸಿದ್ದನ್ನು ಮಾತ್ರ ಹಿಂದಿರುಗಿಸುತ್ತಿದ್ದೇನೆ ಎಂದರೆ ಸಾಕು. ಭತ್ಯೆ ಆ ದಿನದಿಂದ ನಿಲ್ಲುವುದಕ್ಕೆ ಒಪ್ಪಿಗೆ ಇದೆಯೆಂದು ನೀವೇ ಬರೆದುಬಿಡಿ. ಅದನ್ನು ಬರೆದವರು ಮೂಲ ಸಂಬಳವನ್ನು ಬಿಟ್ಟುಕೊಟ್ಟಿಲ್ಲವೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಖಾಲಿ ಹುದ್ದೆಗಳ ವಿಷಯ ಕೇಳಿದ್ದಿರಿ. ಅದನ್ನು ಪತ್ರದ ಒಡಲಿನಲ್ಲಿ ಬರೆದರೆ, ಪತ್ರ ದೂರಾಗುತ್ತದೆ. ದೂರಿಗೆ ಉತ್ತರ ಕೊಡುವ ಭರದಲ್ಲಿ ಮಂಡಳಿ ಕೋರಿಕೆಯನ್ನು ಮರೆಯುತ್ತದೆ. ಬದಲಿಗೆ ನೀವು ಹಿಂದೆ ಬರೆದ ಮೂರು ಪತ್ರಗಳ ಸಂಖ್ಯೆ, ದಿನಾಂಕಗಳನ್ನು "ಉಲ್ಲೇಖ" ಸಾಲಿನಲ್ಲಿ ಎರಡು, ಮೂರು, ನಾಲ್ಕು ಎಂದು ಸುಮ್ಮನೆ ಸೇರಿಸಿ. ಓದಬೇಕಾದವರು ಓದುತ್ತಾರೆ, ಮುಂದೆಂದಾದರೂ ಪ್ರಶ್ನೆ ಬಂದರೆ ದಾಖಲೆ ನಿಮ್ಮ ಪರವಾಗಿರುತ್ತದೆ, ಈಗ ಯಾರ ಮುಖವೂ ಕೆಂಪಾಗುವುದಿಲ್ಲ. "ವೈಯಕ್ತಿಕ ಕಾರಣ" ಎಂಬುದನ್ನೂ ತೆಗೆಯಿರಿ. ಚಿಕಿತ್ಸೆಗೆ ಹೆಚ್ಚು ಸಮಯ ಕೊಡಲು ಎಂಬ ನಿಜವಾದ ಕಾರಣ ಇರುವಾಗ ಅದನ್ನೇ ಹೇಳಿ.

ಕಿರಿಯ ಅಧ್ಯಾಪಕಿ

ನಾನೂ ಅರಿವಳಿಕೆ ವಿಭಾಗದವಳೇ, ಬೇರೆ ಊರಿನಲ್ಲಿದ್ದೇನೆ. ನಮ್ಮ ಎಚ್‌ಒಡಿ ಹೀಗೆಯೇ ಹೊಣೆ ಬಿಟ್ಟಾಗ ಪತ್ರ ಸರಿಯಾಗಿತ್ತು, ದಿನಾಂಕ ತಪ್ಪಾಗಿತ್ತು. ಅವರು ತಿಂಗಳ ಹದಿನಾಲ್ಕರಂದು ಬಿಟ್ಟರು. ಆ ತಿಂಗಳ ರಾತ್ರಿ ಪಾಳಿಯ ಪಟ್ಟಿ ಅವರದು, ರಜೆ ಮಂಜೂರು ಮಾಡುವವರು ಹೊಸಬರು. ಹದಿನೇಳರ ರಾತ್ರಿ ಸಿಸೇರಿಯನ್‌ಗೆ ಯಾರು ಬರಬೇಕೆಂದು ಒಟಿಯ ಸಿಸ್ಟರು ಮೂರು ಫೋನು ಮಾಡಬೇಕಾಯಿತು. ಇನ್ನೊಂದು, ಪಿಜಿಗಳ ಪ್ರಬಂಧದಲ್ಲಿ ಗೈಡ್ ಪ್ರಮಾಣಪತ್ರದ ಜೊತೆಗೆ ವಿಭಾಗ ಮುಖ್ಯಸ್ಥರ ಮತ್ತು ಪ್ರಾಂಶುಪಾಲರ ದೃಢೀಕರಣವೂ ಬೇಕು. ನನ್ನ ಸಹಪಾಠಿಯ ಪ್ರಬಂಧ ಬೈಂಡಿಂಗ್ ಆಗಿ ಬಂದಾಗ ಅದರಲ್ಲಿ ಹಳೆಯ ಎಚ್‌ಒಡಿಯ ಹೆಸರು ಮುದ್ರಣವಾಗಿತ್ತು. ಆ ಪುಟಗಳನ್ನು ಮತ್ತೆ ಮುದ್ರಿಸಿ, ಎಲ್ಲ ಪ್ರತಿಗಳನ್ನು ಬಿಚ್ಚಿಸಿ ಹೊಲಿಸಬೇಕಾಯಿತು.

ಒಂದು ಪ್ರಶ್ನೆ: ಎಚ್‌ಒಡಿಗೆ ರಾತ್ರಿ ಪಾಳಿಯಿಂದ ವಿನಾಯಿತಿ ಇರುತ್ತದೆ. ನೀವು ಅದನ್ನೂ ಬಿಡುತ್ತೀರಾ ಮೇಡಂ?

ಓಟಿ ಮೂರು

ಬಿಡಲೇಬೇಕಲ್ಲವೇ? ಉಳಿದ ಪ್ರಾಧ್ಯಾಪಕರು ತಿಂಗಳಿಗೆ ಎಷ್ಟು ರಾತ್ರಿ ಕರೆಗೆ ಲಭ್ಯರಿರುತ್ತಾರೋ ನಾನೂ ಅಷ್ಟಕ್ಕೆ ಸಿದ್ಧ. ನಮ್ಮಲ್ಲಿ ಮುಂದಿನ ತಿಂಗಳ ಪಟ್ಟಿ 25ಕ್ಕೆ ಸಿದ್ಧವಾಗುತ್ತದೆ. ಹಾಗಾಗಿ ಡಿಸೆಂಬರ್ 1ರಿಂದ ಎಂದು ಬರೆದು, ನವೆಂಬರ್ 25ರ ಪಟ್ಟಿಯನ್ನು ಹೊಸಬರ ಜೊತೆ ಕುಳಿತು ಮಾಡುತ್ತೇನೆ. ಪ್ರಬಂಧದ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ನನ್ನ ಅಡಿಯ ಇಬ್ಬರು ಪಿಜಿಗಳಿಗೆ ನಾನು ಗೈಡ್ ಆಗಿ ಮುಂದುವರಿಯುವುದನ್ನೂ ಬರೆಯಬೇಕು.

ಜಿಲ್ಲಾಸ್ಪತ್ರೆ ಸರ್ಜನ್

ರಾತ್ರಿ ಪಾಳಿಗೆ ನೀವಾಗಿಯೇ ಒಪ್ಪಿಗೆ ಬರೆದುಕೊಡಬೇಡಿ ಎಂಬುದು ನನ್ನ ಸಲಹೆ. ಹಿರಿತನಕ್ಕೆ ತಕ್ಕಂತೆ ಅವರು ಹಾಕಲಿ. ಬರೆದುಕೊಟ್ಟದ್ದು ಶಾಶ್ವತವಾಗಿಬಿಡುತ್ತದೆ.

ಕಿರಿಯ ಅಧ್ಯಾಪಕಿ

ಕ್ಷಮಿಸಿ ಸರ್, ಹಿರಿಯರು ಹೊಣೆ ಬಿಟ್ಟೂ ವಿನಾಯಿತಿ ಉಳಿಸಿಕೊಂಡರೆ ಆ ರಾತ್ರಿಗಳು ನಮ್ಮಂಥವರ ಪಾಲಿಗೆ ಬರುತ್ತವೆ.

ಹಳೇ ಅಧೀಕ್ಷಕ

ಇದು ಅವರವರ ವಿಭಾಗದಲ್ಲಿ ತೀರ್ಮಾನವಾಗಬೇಕಾದದ್ದು. ನಾನು ಇನ್ನೊಂದು ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅರಿವಳಿಕೆ ವಿಭಾಗದಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿಯಾದ ಗಂಟು. ಫೆಂಟನಿಲ್ ಮತ್ತು ಮಾರ್ಫಿನ್ ಇಡುವ ಆಸ್ಪತ್ರೆಗೆ ಎನ್‌ಡಿಪಿಎಸ್ ಕಾಯ್ದೆಯ ಅಡಿಯಲ್ಲಿ ಮಾನ್ಯತೆ ಇರುತ್ತದೆ. 2014ರ ತಿದ್ದುಪಡಿಯ ನಂತರ ಇವು ಅಗತ್ಯ ಮಾದಕ ಔಷಧಗಳ ಪಟ್ಟಿಯಲ್ಲಿವೆ, ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಅವುಗಳ ಒಟ್ಟು ಹೊಣೆಗೆ ಒಬ್ಬ ವೈದ್ಯರ ಹೆಸರಿರುತ್ತದೆ. ಅನೇಕ ಕಡೆ ಆ ಹೆಸರು ಅರಿವಳಿಕೆಯ ಎಚ್‌ಒಡಿಯದ್ದೇ. ನೀವು ಹೊಣೆ ಬಿಟ್ಟಿರೆಂದು ಟ್ರಸ್ಟ್ ಒಪ್ಪಿದ ಮಾತ್ರಕ್ಕೆ ಆ ಹೆಸರು ತಾನಾಗಿ ಬದಲಾಗುವುದಿಲ್ಲ. ನಾವು ಮಾಡುತ್ತಿದ್ದುದು ಹೀಗೆ: ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಹೊಸ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಬರೆದು ಔಷಧ ನಿಯಂತ್ರಣ ಇಲಾಖೆಗೆ ಕಳುಹಿಸಿ, ಅದರ ಸ್ವೀಕೃತಿ ಕೈಗೆ ಬರುವವರೆಗೆ ಹಳಬರೂ ಹೊಸಬರೂ ಕೂಡಿಯೇ ರಿಜಿಸ್ಟರಿಗೆ ಸಹಿ ಮಾಡುತ್ತಿದ್ದೆವು.

ಕೀಲಿಕೈ ಕೊಡುವ ದಿನ ರಿಜಿಸ್ಟರಿನಲ್ಲಿರುವ ಶಿಲ್ಕನ್ನು ನಂಬಬೇಡಿ, ಆಂಪ್ಯೂಲುಗಳನ್ನು ಟ್ರೇಯಲ್ಲಿ ಸುರಿದು ಎಣಿಸಿ. ತಾಳೆಯಾಗದಿದ್ದರೆ ಅಂದೇ ಕಾರಣ ಹುಡುಕಿ. ಒಂದು ವಾರ ಕಳೆದರೆ ಅದು ಕಾಣೆಯಾದ ಮಾದಕ ವಸ್ತುವಾಗುತ್ತದೆ.

ಓಟಿ ಮೂರು

ನೀವು ಹೇಳಿದ ಮೇಲೆ ನಿನ್ನೆಯೇ ಸಿಸ್ಟರ್ ಇನ್‌ಚಾರ್ಜ್ ಅವರೊಂದಿಗೆ ಎಣಿಸಿದೆ. ರಿಜಿಸ್ಟರಿನಲ್ಲಿ ಫೆಂಟನಿಲ್ 62, ಬೀರುವಿನಲ್ಲಿ 60. ಎದೆ ಧಸಕ್ಕೆಂದಿತು. ಹಿಂದಿನ ಪುಟಗಳನ್ನು ತಿರುವಿದಾಗ ಒಂದು ಸಿಕ್ಕಿತು: ಟ್ರೇ ಜಾರಿ ಒಡೆದ ಆಂಪ್ಯೂಲನ್ನು ಷರಾ ಕಾಲಮ್ಮಿನಲ್ಲಿ ಇಬ್ಬರ ಸಹಿಯೊಂದಿಗೆ ಬರೆದಿದ್ದರು, ಆದರೆ ಶಿಲ್ಕಿನಿಂದ ಕಳೆದಿರಲಿಲ್ಲ. ಎರಡನೆಯದಕ್ಕೆ ಒಂದೂವರೆ ಗಂಟೆ ಬೇಕಾಯಿತು. ಹಿಂದಿನ ಭಾನುವಾರ ರಾತ್ರಿ ತುರ್ತು ಸಿಸೇರಿಯನ್‌ಗೆ ತೆಗೆದುಕೊಂಡ ಆಂಪ್ಯೂಲಿನ ಚೀಟಿ ಒಟಿಯ ಕ್ಲಿಪ್‌ಬೋರ್ಡಿನಲ್ಲೇ ಉಳಿದಿತ್ತು. ಅರಿವಳಿಕೆ ದಾಖಲೆಯಲ್ಲಿ ಆ ರೋಗಿಗೆ ಕೊಟ್ಟ ಪ್ರಮಾಣ ತಾಳೆಯಾದ ಮೇಲೆ, ಹಿಂದಿನ ತಾರೀಕು ಹಾಕದೆ, ನಿನ್ನೆಯ ತಾರೀಕಿನಲ್ಲೇ ವಿವರಣೆ ಬರೆದು ಮೂವರು ಸಹಿ ಮಾಡಿದೆವು.

ಇದಲ್ಲದೆ, ದುರಸ್ತಿಗೆಂದು ನಾಲ್ಕು ತಿಂಗಳ ಹಿಂದೆ ಕಂಪನಿಗೆ ಕಳುಹಿಸಿದ ಫೈಬರ್ ಆಪ್ಟಿಕ್ ಬ್ರಾಂಕೋಸ್ಕೋಪ್ ಸ್ಟಾಕ್ ರಿಜಿಸ್ಟರಿನಲ್ಲಿ ಇನ್ನೂ ನನ್ನ ಹೆಸರಿನಲ್ಲಿದೆ. ಗೇಟ್ ಪಾಸಿನ ಪ್ರತಿಯನ್ನು ಹಸ್ತಾಂತರ ಪಟ್ಟಿಗೆ ಲಗತ್ತಿಸಿದ್ದೇನೆ.

ಪತ್ರವನ್ನು ತಿದ್ದಿ ಬರೆದಿದ್ದೇನೆ, ನೋಡಿ:

"ವಿಷಯ: ಅರಿವಳಿಕೆ ವಿಭಾಗದ ಮುಖ್ಯಸ್ಥರ ಹೆಚ್ಚುವರಿ ಹೊಣೆಯಿಂದ ಮಾತ್ರ ಮುಕ್ತಗೊಳಿಸಿ, ಪ್ರಾಧ್ಯಾಪಕಿಯಾಗಿ ಮುಂದುವರಿಸಲು ಕೋರಿಕೆ.

ಮಾನ್ಯರೇ, ಉಲ್ಲೇಖ ಒಂದರ ಆದೇಶದಂತೆ 2019ರಿಂದ ವಿಭಾಗ ಮುಖ್ಯಸ್ಥರ ಹೊಣೆಯನ್ನು ನಿರ್ವಹಿಸುತ್ತಿದ್ದೇನೆ. ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ ಮತ್ತು ನೋವು ಚಿಕಿತ್ಸಾ ಕ್ಲಿನಿಕ್ಕಿನ ಕೆಲಸಕ್ಕೆ ಪೂರ್ಣ ಸಮಯ ನೀಡಬಯಸುವುದರಿಂದ, ಸದರಿ ಆದೇಶದ ಮೂಲಕ ವಹಿಸಲಾದ ಹೊಣೆಯನ್ನು ಡಿಸೆಂಬರ್ 1ರ ಪೂರ್ವಾಹ್ನದಿಂದ ಹಿಂದಿರುಗಿಸಲು ತಮ್ಮ ಅನುಮತಿ ಕೋರುತ್ತೇನೆ. ಇದು ನನ್ನ ಪ್ರಾಧ್ಯಾಪಕ ಹುದ್ದೆಗಾಗಲಿ, ಸಂಸ್ಥೆಯ ಸೇವೆಗಾಗಲಿ ಸಲ್ಲಿಸಿದ ರಾಜೀನಾಮೆಯಲ್ಲ. ನನ್ನ ಮಾರ್ಗದರ್ಶನದಲ್ಲಿರುವ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕಿಯಾಗಿ ಮುಂದುವರಿಯುತ್ತೇನೆ. ಮುಖ್ಯಸ್ಥರ ಭತ್ಯೆಯನ್ನು ಅದೇ ದಿನದಿಂದ ನಿಲ್ಲಿಸಲು ನನ್ನ ಒಪ್ಪಿಗೆ ಇದೆ. ಮಾದಕ ಔಷಧಗಳ ಹೊಣೆಗಾರ ವೈದ್ಯರ ಹೆಸರನ್ನು ಬದಲಾಯಿಸಲು ಪ್ರತ್ಯೇಕ ಕೋರಿಕೆಯನ್ನು ವೈದ್ಯಕೀಯ ಅಧೀಕ್ಷಕರಿಗೆ ಸಲ್ಲಿಸಿದ್ದು, ಆ ಬದಲಾವಣೆ ಪೂರ್ಣಗೊಳ್ಳುವವರೆಗೆ ಅದೊಂದರಲ್ಲಿ ಸಹಕರಿಸುತ್ತೇನೆ. ಹಸ್ತಾಂತರ ಪಟ್ಟಿಯನ್ನು ಲಗತ್ತಿಸಿದೆ."

ಹಳೇ ಅಧೀಕ್ಷಕ

ಚೆನ್ನಾಗಿದೆ. ಪ್ರಾಂಶುಪಾಲರ ಮೂಲಕ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಎಂದು ವಿಳಾಸ ಬರೆದು, ಅಧೀಕ್ಷಕರಿಗೆ ಒಂದು ಪ್ರತಿ ಕೊಡಿ. ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸಂಖ್ಯೆ ಮತ್ತು ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಎದ್ದು ಬರಬೇಡಿ.

ಕೋರಮಂಗಲ ಎಚ್‌ಆರ್

ಮೊದಲು ತಪ್ಪು ತಿಳಿದುಕೊಂಡದ್ದಕ್ಕೆ ಕ್ಷಮೆ ಇರಲಿ. ಈಗ ನನ್ನ ಕ್ಷೇತ್ರದ ಒಂದು ಪ್ರಶ್ನೆ: ನಿಮಗಿಂತ ಕಿರಿಯರು ಎಚ್‌ಒಡಿ ಆದರೆ ನಿಮ್ಮ ವಾರ್ಷಿಕ ಕಾರ್ಯಮೌಲ್ಯಮಾಪನವನ್ನು ಅವರು ಬರೆಯುತ್ತಾರೆಯೇ? ಪ್ರಾಂಶುಪಾಲರೇ ಬರೆಯಲಿ ಎಂದು ಈಗಲೇ ಕೇಳುವುದು ಒಳ್ಳೆಯದಲ್ಲವೇ?

ಜಿಲ್ಲಾಸ್ಪತ್ರೆ ಸರ್ಜನ್

ಅದನ್ನು ಕೇಳಿದರೆ ಹೊಸಬರ ಮೇಲೆ ಮೊದಲ ದಿನವೇ ಅಪನಂಬಿಕೆ ತೋರಿಸಿದಂತಾಗುತ್ತದೆ.

ಹಳೇ ಅಧೀಕ್ಷಕ

ನಾನು ಎರಡೂ ಪದ್ಧತಿ ನೋಡಿದ್ದೇನೆ, ಎರಡರಲ್ಲೂ ಮನಸ್ತಾಪ ನೋಡಿದ್ದೇನೆ.

ಓಟಿ ಮೂರು

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ಪತ್ರ ಕೊಟ್ಟು, ಮೊಹರು ಹಾಕಿಸಿಕೊಂಡಿದ್ದೆ. ಇಂದು ಉತ್ತರ ಬಂದಿದೆ. ಡಿಸೆಂಬರ್ 1ರಿಂದ ಸಹೋದ್ಯೋಗಿಯೊಬ್ಬರನ್ನು ಎಚ್‌ಒಡಿ ಆಗಿ ನೇಮಿಸಿ, ನಾನು ಪ್ರಾಧ್ಯಾಪಕಿಯಾಗಿ ಮುಂದುವರಿಯುವುದನ್ನು ಒಪ್ಪಿದ್ದಾರೆ. ಆದರೆ ವಿಷಯದ ಸಾಲಿನಲ್ಲಿ "ತಮ್ಮ ರಾಜೀನಾಮೆಯ ಅಂಗೀಕಾರ ಕುರಿತು" ಎಂದಿದೆ. ಒಳಗೆ ಸರಿಯಾಗಿರುವುದರಿಂದ ಸುಮ್ಮನಿರಬಹುದೇ?

ಹಳೇ ಅಧೀಕ್ಷಕ

ಸುಮ್ಮನಿರಬೇಡಿ. ಐದು ವರ್ಷದ ನಂತರ ಗ್ರಾಚ್ಯುಟಿ ಲೆಕ್ಕ ಹಾಕುವವರು ಕಡತದ ವಿಷಯದ ಸಾಲನ್ನು ಮಾತ್ರ ಓದಿ, ಆ ದಿನಕ್ಕೆ ಸೇವೆ ತುಂಡಾಯಿತೆಂದು ತಿಳಿಯಬಹುದು. ಧನ್ಯವಾದ ತಿಳಿಸುವ ಎರಡು ಸಾಲಿನ ಪತ್ರ ಬರೆದು, ಅದರಲ್ಲೇ "ವಿಷಯದಲ್ಲಿನ ಪದವನ್ನು ಹೊಣೆಯಿಂದ ಮುಕ್ತಿ ಎಂದು ತಿದ್ದಿ ತಿದ್ದೋಲೆ ಹೊರಡಿಸಬೇಕು" ಎಂದು ಕೇಳಿ.

ಓಟಿ ಮೂರು

ಬರೆದು ಟಪಾಲಿಗೆ ಕೊಟ್ಟೆ. ಗುಮಾಸ್ತರು ಹಳೆಯ ಮಾದರಿಯನ್ನೇ ನಕಲು ಮಾಡಿದ್ದರಂತೆ, ನಗುತ್ತಲೇ ಇನ್‌ವರ್ಡ್ ಸಂಖ್ಯೆ ಹಾಕಿಕೊಟ್ಟರು. ಔಷಧ ನಿಯಂತ್ರಣ ಇಲಾಖೆಯ ಸ್ವೀಕೃತಿ ಇನ್ನೂ ಬಂದಿಲ್ಲ, ಆದ್ದರಿಂದ ಬೀರುವಿನ ರಿಜಿಸ್ಟರಿಗೆ ಈಗಲೂ ಇಬ್ಬರು ಸಹಿ ಮಾಡುತ್ತಿದ್ದೇವೆ. ಬುಧವಾರದಿಂದ ನೋವು ಚಿಕಿತ್ಸಾ ಕ್ಲಿನಿಕ್ಕಿಗೆ ಮತ್ತೆ ಕೂರುತ್ತೇನೆ.